ಗ್ರೂಪಿನ ಉದ್ದ ಸಂದೇಶದಿಂದ ನೋಟಿಸ್ ಬೋರ್ಡಿನ ಸುತ್ತೋಲೆಗೆ

ಪ್ರಶ್ನೆ: ನಮ್ಮ ವಸತಿ ಸಮುಚ್ಚಯದ ನಿವಾಸಿಗಳ ಸಂಘಕ್ಕೆ ನಾನು ಹೊಸ ಕಾರ್ಯದರ್ಶಿ. ಅಧ್ಯಕ್ಷರು ವಾಟ್ಸಾಪ್ ಗ್ರೂಪಿನಲ್ಲಿ ಉದ್ದಕ್ಕೆ ಬರೆದು ಹಾಕಿ, "ಇದನ್ನೇ ಚಿಕ್ಕದಾಗಿ ಸುತ್ತೋಲೆ ಮಾಡಿ ಬೋರ್ಡಿಗೆ ಹಾಕಿಬಿಡಿ" ಅನ್ನುತ್ತಾರೆ. ವಿಷಯ, ದಿನಾಂಕ, ಯಾರಿಗೆ, ಏನು ಮಾಡಬೇಕು ಅನ್ನುವುದು ಬಂದರೆ ಸಾಕಂತೆ. ಕತ್ತರಿಸಿದರೆ ಮುಖ್ಯವಾದ್ದೇ ಬಿಟ್ಟುಹೋಗುತ್ತದೆ, ಕತ್ತರಿಸದಿದ್ದರೆ ಯಾರೂ ಓದುವುದಿಲ್ಲ. ಈ ವಾರದ ಸಂದೇಶವನ್ನೂ ಅದರ ಕೆಳಗಿನ ಪ್ರತಿಕ್ರಿಯೆಗಳನ್ನೂ ನನ್ನ ಮೊದಲ ಕರಡನ್ನೂ ಜೊತೆಗಿಟ್ಟಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ:

"ಏನು ಮಾಡಬೇಕು" ಅನ್ನುವಲ್ಲಿಂದ ಶುರು ಮಾಡಿ. ಹಾಳೆಯ ಮೇಲೆ ವಿಷಯ ಮೊದಲು ಬರುತ್ತದೆ ನಿಜ, ಆದರೆ ಬರೆಯುವಾಗ ಅದು ಕೊನೆಯದು. ಮೊದಲು ಕೆಲಸಗಳನ್ನು ಹೆಕ್ಕಿ, ಆಮೇಲೆ ಒಂದೊಂದು ಕೆಲಸವೂ ಯಾರ ಮೇಲೆ ಬೀಳುತ್ತದೆ ನೋಡಿ, ಆಮೇಲೆ ಯಾವತ್ತು ಎಷ್ಟು ಹೊತ್ತಿಗೆ ಎಂದು ಗಟ್ಟಿ ಮಾಡಿಕೊಳ್ಳಿ. ಈ ಮೂರೂ ಕೈಗೆ ಬಂದ ಮೇಲೆ ವಿಷಯದ ಸಾಲು ತಾನಾಗಿ ಹುಟ್ಟುತ್ತದೆ. ನಿಮ್ಮ ಹಾಗೆ ಮೇಲಿನಿಂದ ಕೆಳಗೆ ಓದುತ್ತಾ ವಾಕ್ಯ ವಾಕ್ಯವಾಗಿ ಮೊಟಕು ಮಾಡುತ್ತಾ ಹೋದರೆ ಉಳಿಯುವುದು ಅದೇ ಸಂದೇಶ, ಸ್ವಲ್ಪ ಸಣ್ಣದಾಗಿ. ಅದು ಸುತ್ತೋಲೆ ಆಗುವುದಿಲ್ಲ.

ನೀವು ಕಳಿಸಿದ ಸಂದೇಶವನ್ನೇ ಹಿಡಿದು ಮಾಡಿ ತೋರಿಸುತ್ತೇನೆ. ಗುರುತು ಸಿಗುವಂಥ ಮಾತುಗಳನ್ನು ತೆಗೆದಿದ್ದೇನೆ, ಉಳಿದದ್ದು ಅಧ್ಯಕ್ಷರ ಮಾತೇ:

"ಎಲ್ಲರಿಗೂ ನಮಸ್ಕಾರ. ಮೊನ್ನೆ ಸಭೆಯಲ್ಲಿ ಮಾತಾಡಿದ ಹಾಗೆ ನೀರಿನ ಟ್ಯಾಂಕ್ ಕ್ಲೀನಿಂಗ್ ಬಹಳ ದಿನದಿಂದ ಬಾಕಿ ಇದೆ. ಕಳೆದ ಸಲ ಬಂದವರು ಸರಿಯಾಗಿ ಮಾಡಿರಲಿಲ್ಲ, ತುಂಬಾ ಜನ ದೂರು ಕೊಟ್ಟಿದ್ರು. ಅದಕ್ಕೆ ಈ ಸಲ ಬೇರೆಯವರನ್ನು ಗೊತ್ತು ಮಾಡಿದ್ದೇವೆ. ನಾಳಿದ್ದು ಬೆಳಗ್ಗೆಯಿಂದ ಕೆಲಸ ಶುರು. ಎ ಮತ್ತೆ ಬಿ ಬ್ಲಾಕ್ ಮೊದಲು, ಸಿ ಬ್ಲಾಕ್ ಮಾರನೇ ದಿನ. ಡಿ ಬ್ಲಾಕಿಗೆ ಬೇರೆ ಟ್ಯಾಂಕ್ ಇರೋದ್ರಿಂದ ಅವರಿಗೆ ಏನೂ ತೊಂದರೆ ಇಲ್ಲ. ಬೆಳಗ್ಗೆ 9ರಿಂದ ಸಂಜೆವರೆಗೆ ನೀರು ಬರಲ್ಲ, ದಯವಿಟ್ಟು ಎಲ್ಲರೂ ಸಹಕರಿಸಿ. ಹಿಂದಿನ ರಾತ್ರಿನೇ ನೀರು ತುಂಬಿಸಿಟ್ಟುಕೊಳ್ಳಿ. ನೀರು ವಾಪಸ್ ಬಂದ ಮೇಲೆ ಮೊದಲು ಸ್ವಲ್ಪ ಹೊತ್ತು ಹರಿಯಕ್ಕೆ ಬಿಡಿ, ತಕ್ಷಣ ಕುಡಿಯಕ್ಕೆ ಬಳಸಬೇಡಿ. ನಲ್ಲಿ ತೆರೆದಿಟ್ಟು ಹೊರಗೆ ಹೋಗಬೇಡಿ, ಕಳೆದ ಸಲ ಒಬ್ಬರ ಮನೆ ಪೂರ್ತಿ ನೀರಾಗಿತ್ತು, ಎಲ್ಲರಿಗೂ ಗೊತ್ತಿದೆ. ಟ್ಯಾಂಕ್ ಪಕ್ಕ ಗಾಡಿ ನಿಲ್ಲಿಸೋರು ತೆಗೀಬೇಕು, ಲಾರಿ ಒಳಗೆ ಬರಬೇಕು. ಹಾಗೇನೇ ನಿರ್ವಹಣಾ ಶುಲ್ಕ ಬಾಕಿ ಇರೋರು ಆದಷ್ಟು ಬೇಗ ಕಟ್ಟಿದ್ರೆ ಇಂಥ ಕೆಲಸಗಳು ಸಲೀಸಾಗುತ್ತೆ. ಏನಾದ್ರೂ ಇದ್ರೆ ನನಗೋ ಮ್ಯಾನೇಜರಿಗೋ ಹೇಳಿ. ಧನ್ಯವಾದ."

ಮಾತಾಡಿದ ಹಾಗೆ ಬರೆದಿದ್ದಾರೆ, ಗ್ರೂಪಿಗೆ ಅದು ಸರಿಯೇ. ಅಲ್ಲಿ ಅನುಮಾನ ಬಂದವರು ಕೆಳಗೇ ಕೇಳುತ್ತಾರೆ, ಅಧ್ಯಕ್ಷರು ಅಲ್ಲೇ ಉತ್ತರಿಸುತ್ತಾರೆ. ಗೋಡೆಯ ಮೇಲಿನ ಹಾಳೆಯನ್ನು ಯಾರೂ ತಿರುಗಿ ಕೇಳಲಾರರು. ಸುತ್ತೋಲೆಗೆ ಗಟ್ಟಿತನ ಬೇಕಾಗುವುದು ಅದಕ್ಕಾಗಿ.

ಸಂದೇಶವನ್ನು ನಕಲು ಮಾಡಿಕೊಳ್ಳುವಾಗಲೇ ಒಂದು ಎಚ್ಚರ ಬೇಕು. ಒಂದೇ ಸಂದೇಶವನ್ನು ಒತ್ತಿ ಹಿಡಿದು ನಕಲು ಮಾಡಿದರೆ ಬರೀ ಪಠ್ಯ ಬರುತ್ತದೆ. ಎರಡು ಅಥವಾ ಹೆಚ್ಚು ಸಂದೇಶಗಳನ್ನು ಒಟ್ಟಿಗೆ ಆಯ್ದು ನಕಲು ಮಾಡಿದರೆ ಪ್ರತಿಯೊಂದರ ಮುಂದೆಯೂ ಕಳಿಸಿದ ದಿನ, ಹೊತ್ತು, ಕಳಿಸಿದವರ ಹೆಸರು ಕೂತು ಬರುತ್ತವೆ. ಆದ್ದರಿಂದ ಮೂಲ ಸಂದೇಶದ ಜೊತೆಗೆ ಅದರ ಕೆಳಗಿನ ಎಲ್ಲ ಪ್ರತಿಕ್ರಿಯೆಗಳನ್ನೂ ಆಯ್ದುಕೊಳ್ಳಿ. ಎರಡು ಲಾಭ. "ನಾಳಿದ್ದು" ಎಂದರೆ ಯಾವ ದಿನ ಎಂದು ಲೆಕ್ಕ ಹಾಕಲು ಆಧಾರ ಸಿಗುತ್ತದೆ. ಮತ್ತೆ, ಅಧ್ಯಕ್ಷರು ಕೆಳಗೆಲ್ಲೋ ಯಾರಿಗೋ ಉತ್ತರ ಕೊಡುವಾಗ ಮೂಲ ಮಾತನ್ನೇ ಬದಲಿಸಿದ್ದರೆ ಅದೂ ಕೈಗೆ ಸಿಗುತ್ತದೆ. ಹೀಗೆ ಬದಲಾಗುವುದು ಅಪರೂಪವೇನಲ್ಲ. ನಿಮ್ಮ ವಿಷಯದಲ್ಲೂ ಅದೇ ಆಗಿದೆ. ದಿನ ಮೊದಲೋ ತಿಂಗಳು ಮೊದಲೋ ಅನ್ನುವುದು ಫೋನಿನ ಸೆಟ್ಟಿಂಗ್ ಮೇಲೆ ಹೋಗುತ್ತದೆ, 11/06 ಅನ್ನುವುದು 06/11 ಎಂದೂ ಕಾಣಬಹುದು. ನೋಡಿ ಓದಿಕೊಳ್ಳಿ. ಬೇರೆ ಯಾರೋ ನಿಮಗೆ ರವಾನಿಸಿದ ಪ್ರತಿಯನ್ನು ಮಾತ್ರ ಆಧಾರ ಮಾಡಿಕೊಳ್ಳಬೇಡಿ. ಕಳಿಸಿದ 15 ನಿಮಿಷದೊಳಗೆ ಬರೆದವರು ಮೂಲವನ್ನು ತಿದ್ದಬಹುದು, ಅದಕ್ಕೂ ಮೊದಲೇ ರವಾನೆಯಾದ ಪ್ರತಿ ಹಳೆಯದಾಗಿಯೇ ಉಳಿದಿರುತ್ತದೆ.

ಈಗ ಹಾಳೆಯ ಮೇಲೆ ಪ್ರತಿ ವಾಕ್ಯದ ಪಕ್ಕದಲ್ಲೂ ಒಂದು ಗುರುತು ಹಾಕಿ. ಓದುವವರು ಕೈಕಾಲು ಆಡಿಸಿ ಏನಾದರೂ ಮಾಡಬೇಕಾದ ವಾಕ್ಯಕ್ಕೆ "ಕೆಲಸ". ಆ ಕೆಲಸ ಮಾಡಲು ತಿಳಿದಿರಲೇಬೇಕಾದ್ದಕ್ಕೆ "ಮಾಹಿತಿ". ಅರ್ಧ ಹೇಳಿ ಬಿಟ್ಟಿದ್ದಕ್ಕೆ "ಕೇಳು". ಬೇರೆ ಸಂಗತಿಗೆ "ಬೇರೆ ಹಾಳೆ". ಉಳಿದದ್ದೆಲ್ಲ ಅಡ್ಡಗೆರೆ.

ಅಡ್ಡಗೆರೆ ಸುಲಭ, ಬೇಗ ಮುಗಿಸಿಬಿಡೋಣ. ನಮಸ್ಕಾರ, ಧನ್ಯವಾದ, ಸಭೆಯ ನೆನಪು, ಹಿಂದಿನವರು ಸರಿಯಾಗಿ ಮಾಡಲಿಲ್ಲ ಎಂಬ ಮಾತು, ಈ ಸಲ ಬೇರೆಯವರು ಎಂಬುದು, ಎಲ್ಲವೂ ಹೋಗಲಿ. ಹಿಂದಿನವರ ಮೇಲಿನ ದೂರಂತೂ ಸಂಘದ ಸಹಿ ಇರುವ ಹಾಳೆಯ ಮೇಲೆ ಇರಲೇಬಾರದು. "ದಯವಿಟ್ಟು ಎಲ್ಲರೂ ಸಹಕರಿಸಿ" ಅನ್ನುವುದು ಕೆಲಸದಂತೆ ಕಾಣುತ್ತದೆ, ಆದರೆ ಅದರಲ್ಲಿ ಮಾಡುವಂಥದ್ದು ಏನೂ ಇಲ್ಲ. ಅದಕ್ಕೂ ಗೆರೆ.

ಒಂದು ವಾಕ್ಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. "ನಲ್ಲಿ ತೆರೆದಿಟ್ಟು ಹೊರಗೆ ಹೋಗಬೇಡಿ, ಕಳೆದ ಸಲ ಒಬ್ಬರ ಮನೆ ಪೂರ್ತಿ ನೀರಾಗಿತ್ತು." ಇದರ ಎರಡನೇ ಅರ್ಧ ನೆರೆಮನೆಯವರನ್ನು ನೆನಪಿಸಿ ಮುಜುಗರ ಮಾಡುವ ಮಾತು, ಅದನ್ನು ತೆಗೆಯಿರಿ. ಮೊದಲ ಅರ್ಧ ಈ ಸಂದೇಶದಲ್ಲೇ ಅತಿ ಉಪಯುಕ್ತವಾದ ಸೂಚನೆ. ನೀರಿಲ್ಲದ ಹೊತ್ತಿನಲ್ಲಿ ನಲ್ಲಿ ತಿರುಗಿಸಿ ನೋಡಿ, ಬರುತ್ತಿಲ್ಲ ಎಂದು ಹಾಗೇ ಬಿಟ್ಟು ಹೊರಗೆ ಹೋಗುವುದು ಯಾರಿಂದಲೂ ಆಗಬಹುದು. ಬೈಗುಳ, ಕತೆ, ತಮಾಷೆಗಳ ಒಳಗೆ ಹೀಗೆ ಒಂದೊಂದು ಕೆಲಸ ಅಡಗಿ ಕೂತಿರುತ್ತದೆ. ಕತೆಯನ್ನು ಹೊಡೆದುಹಾಕುವ ಭರದಲ್ಲಿ ಅದನ್ನೂ ಹೊಡೆದುಹಾಕುವುದರಿಂದಲೇ "ಕತ್ತರಿಸಿದರೆ ಮುಖ್ಯವಾದ್ದು ಬಿಟ್ಟುಹೋಗುತ್ತದೆ" ಅನ್ನುವ ನಿಮ್ಮ ತೊಂದರೆ ಬರುವುದು.

ಹೀಗೆ ಹೆಕ್ಕಿದರೆ ಉಳಿಯುವ ಕೆಲಸಗಳು: ನೀರು ತುಂಬಿಸಿಟ್ಟುಕೊಳ್ಳುವುದು, ಹೊರಡುವ ಮುನ್ನ ನಲ್ಲಿ ನೋಡಿಕೊಳ್ಳುವುದು, ನೀರು ಬಂದ ಮೇಲೆ ಹರಿಯಬಿಡುವುದು, ಸ್ವಲ್ಪ ಹೊತ್ತು ಕುಡಿಯದಿರುವುದು, ಗಾಡಿ ತೆಗೆಯುವುದು. ಶುಲ್ಕ ಕಟ್ಟುವುದೂ ಕೆಲಸವೇ, ಆದರೆ ಅದು ಬೇರೆ ಹಾಳೆ. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಇನ್ನು ಯಾರಿಗೆ ಅನ್ನುವುದು. ನಿಮ್ಮ ಮೊದಲ ಕರಡಿನಲ್ಲಿ "ಎಲ್ಲ ನಿವಾಸಿಗಳಿಗೆ" ಎಂದು ಬರೆದಿದ್ದೀರಿ. ಸುತ್ತೋಲೆಗಳಲ್ಲಿ ಅತಿ ಹೆಚ್ಚು ದುರ್ಬಳಕೆಯಾಗುವ ಮಾತು ಅದು. ಡಿ ಬ್ಲಾಕಿನವರು ಅದನ್ನು ಓದಿ ವೃಥಾ ನೀರು ತುಂಬಿಸಿಟ್ಟುಕೊಳ್ಳುತ್ತಾರೆ, ಇಲ್ಲವೇ ನಿಮಗೆ ಫೋನ್ ಮಾಡುತ್ತಾರೆ. ಮುಂದಿನ ಸಲ "ಎಲ್ಲ ನಿವಾಸಿಗಳಿಗೆ" ಕಂಡಾಗ ನಮಗಲ್ಲ ಎಂದು ಓದದೆ ದಾಟುತ್ತಾರೆ.

ಹಾಗಾದರೆ "ಎ, ಬಿ, ಸಿ ಬ್ಲಾಕ್ ನಿವಾಸಿಗಳಿಗೆ" ಎಂದರೆ ಮುಗಿಯಿತೇ? ಇಲ್ಲ. ಕೆಲಸಗಳ ಪಟ್ಟಿಯನ್ನು ಒಂದೊಂದಾಗಿ ನೋಡಿ, ಇದು ಯಾರ ಮೇಲೆ ಬೀಳುತ್ತದೆ ಎಂದು ಕೇಳಿಕೊಳ್ಳಿ. ನೀರಿಗೆ ಸಂಬಂಧಿಸಿದ ಕೆಲಸಗಳು ಬ್ಲಾಕಿನ ಲೆಕ್ಕದಲ್ಲಿ ಬೀಳುತ್ತವೆ. ಗಾಡಿ ತೆಗೆಯುವ ಕೆಲಸ ಬ್ಲಾಕಿನ ಲೆಕ್ಕದಲ್ಲಿಲ್ಲ, ನಿಲುಗಡೆ ಜಾಗದ ಲೆಕ್ಕದಲ್ಲಿದೆ. ಡಿ ಬ್ಲಾಕಿನ ಯಾರಾದರೂ ಟ್ಯಾಂಕ್ ಪಕ್ಕ ಗಾಡಿ ನಿಲ್ಲಿಸುತ್ತಿದ್ದರೆ? ಅಧ್ಯಕ್ಷರು "ಅವರಿಗೆ ಏನೂ ತೊಂದರೆ ಇಲ್ಲ" ಎಂದು ಬರೆದದ್ದನ್ನು ಓದಿ ಆ ಮನೆಯವರು ಅಲ್ಲಿಗೇ ಓದುವುದನ್ನು ನಿಲ್ಲಿಸಿರುತ್ತಾರೆ. ಆ ದಿನ ಬೆಳಗ್ಗೆ ಲಾರಿ ಬಂದು ನಿಂತಾಗ ಅಡ್ಡ ಇರುವುದು ಅವರದೇ ಗಾಡಿ. ಒಂದೇ ಸಂದೇಶದಲ್ಲಿ ಎರಡು ಬೇರೆ ಬೇರೆ ಓದುಗರ ಗುಂಪು ಇರುವುದು ಹೀಗೆ ಬಯಲಾಗುತ್ತದೆ. ಕೆಲಸವನ್ನು ಮೊದಲು ಹೆಕ್ಕಿ ಎಂದು ನಾನು ಹಟ ಹಿಡಿಯುವುದಕ್ಕೆ ಇದೇ ಕಾರಣ. "ಯಾರಿಗೆ" ಮೊದಲು ಬರೆದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಡಿ ಬ್ಲಾಕನ್ನು ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ. ತಮ್ಮ ಹೆಸರು ಎಲ್ಲೂ ಕಾಣದಿದ್ದರೆ "ನಮ್ಮದು ಬರೆಯಲು ಮರೆತರೋ, ನಮಗೆ ಇಲ್ಲವೋ" ಎಂಬ ಅನುಮಾನ ಬರುತ್ತದೆ. ಇಂಥವರಿಗೆ "ಮಾಹಿತಿಗೆ" ಎಂದು ಪ್ರತ್ಯೇಕ ಸಾಲು ಕೊಡಿ. ಮಾಡಬೇಕಾದವರು ಒಂದು ಸಾಲಿನಲ್ಲಿ, ತಿಳಿದಿದ್ದರೆ ಸಾಕಾದವರು ಇನ್ನೊಂದರಲ್ಲಿ.

ದಿನಾಂಕದ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು, ಏಕೆಂದರೆ ಅಲ್ಲೇ ಹೆಚ್ಚು ಅನಾಹುತ. ಸುತ್ತೋಲೆಯಲ್ಲಿ ದಿನಾಂಕ ಎಂದರೆ ಒಂದಲ್ಲ. ಹಾಳೆ ಹೊರಟ ದಿನ ಒಂದು, ಘಟನೆ ನಡೆಯುವ ದಿನ ಇನ್ನೊಂದು, ಓದುವವರು ಕೆಲಸ ಮುಗಿಸಬೇಕಾದ ಗಡುವು ಮತ್ತೊಂದು. ಮೇಲ್ಗಡೆ "ದಿನಾಂಕ" ಎಂದು ಬರೆಯುವುದು ಹೊರಟ ದಿನವನ್ನು ಮಾತ್ರ. ಉಳಿದೆರಡೂ ಒಳಗೆ, ಅವುಗಳ ಕೆಲಸದ ಪಕ್ಕದಲ್ಲೇ ಇರಬೇಕು. ನಿಮ್ಮ ಕರಡಿನಲ್ಲಿ ಮೇಲೆ "ದಿನಾಂಕ: 13-06-2026" ಎಂದಿದೆ. ಅದು ಸ್ವಚ್ಛತೆಯ ದಿನ. ಓದಿದವರಿಗೆ ಹಾಳೆ 13ಕ್ಕೆ ಹೊರಟಿದೆ ಅನ್ನಿಸುತ್ತದೆ, ಅದರಲ್ಲಿನ "ಹಿಂದಿನ ರಾತ್ರಿ" ಆಗಲೇ ಕಳೆದುಹೋಗಿರುತ್ತದೆ.

ಈಗ "ನಾಳಿದ್ದು" ಬಿಡಿಸೋಣ. ಸಂದೇಶದ ಮೇಲಿರುವ ಹೊತ್ತು 11/06/2026, ರಾತ್ರಿ 12.10. ಅಂದರೆ ಗಡಿಯಾರದ ಲೆಕ್ಕದಲ್ಲಿ ಗುರುವಾರ ಹುಟ್ಟಿ ಹತ್ತು ನಿಮಿಷವಾಗಿದೆ. ಆ ಲೆಕ್ಕದಲ್ಲಿ ನಾಳಿದ್ದು ಶನಿವಾರ, 13. ಆದರೆ ಮಲಗುವ ಮುನ್ನ ಬರೆಯುತ್ತಿರುವ ಮನುಷ್ಯನ ಮನಸ್ಸಿನಲ್ಲಿ ಅದಿನ್ನೂ ಬುಧವಾರ ರಾತ್ರಿಯೇ ಇರಬಹುದು. ಆಗ ನಾಳಿದ್ದು ಶುಕ್ರವಾರ, 12. ನೀವು ಯಾವುದೋ ಒಂದನ್ನು ಊಹಿಸಿ ಬರೆದರೆ ತಪ್ಪಾಗುವ ಸಂಭವ ಕಡಿಮೆಯೇನಲ್ಲ.

ಸುಳಿವು ಪ್ರತಿಕ್ರಿಯೆಗಳಲ್ಲಿದೆ. ಗುರುವಾರ ಬೆಳಗ್ಗೆ 8.05ಕ್ಕೆ ಅಧ್ಯಕ್ಷರೇ ಬರೆದಿದ್ದಾರೆ: "ಸಿ ಬ್ಲಾಕಿನವರು ಗಮನಿಸಿ, ಭಾನುವಾರ ಅವರಿಗೆ ಬರಕ್ಕಾಗಲ್ವಂತೆ, ಸೋಮವಾರ ಮಾಡ್ತಾರೆ." ಮೂಲ ಸಂದೇಶದಲ್ಲಿ ಸಿ ಬ್ಲಾಕ್ ಮಾರನೇ ದಿನ ಎಂದಿತ್ತು. ಆ ಮಾರನೇ ದಿನ ಭಾನುವಾರ ಎಂದಾದರೆ ಎ, ಬಿ ಬ್ಲಾಕಿನ ದಿನ ಶನಿವಾರವೇ ಆಗಬೇಕು. ಲೆಕ್ಕ ಕೂಡುತ್ತದೆ. ಹಾಗೆಯೇ ಸಿ ಬ್ಲಾಕಿನ ದಿನ 15, ಸೋಮವಾರಕ್ಕೆ ಹೋಯಿತು ಅನ್ನುವುದೂ ಸಿಕ್ಕಿತು. ಮೂಲ ಸಂದೇಶವೊಂದನ್ನೇ ಹಿಡಿದು ಸುತ್ತೋಲೆ ಮಾಡಿದ್ದರೆ ಸಿ ಬ್ಲಾಕಿನ ಅಷ್ಟೂ ಮನೆಯವರು ಭಾನುವಾರ ಸುಮ್ಮನೆ ಕಾದು, ಸೋಮವಾರ ಬರಿಗೈಯಲ್ಲಿ ಕೂರುತ್ತಿದ್ದರು.

ಇಷ್ಟಾದರೂ ಇದು ನಿಮ್ಮ ತರ್ಕವೇ ಹೊರತು ಅಧ್ಯಕ್ಷರ ಮಾತಲ್ಲ. ಯಾರೋ "ಶನಿವಾರ ತಾನೇ?" ಎಂದು ಕೇಳಿದ್ದಕ್ಕೆ ಅವರು ಹೆಬ್ಬೆರಳಿನ ಗುರುತು ಒತ್ತಿರುವುದನ್ನೂ ಖಚಿತ ಅಂದುಕೊಳ್ಳಬೇಡಿ. ಅದು ಒಪ್ಪಿಗೆಯೋ, ನೋಡಿದೆ ಎಂಬುದಷ್ಟೇ ಅರ್ಥವೋ ಯಾರಿಗೆ ಗೊತ್ತು. ಒಂದು ಸಲ ಕೇಳಿಬಿಡಿ.

ಕೇಳುವಾಗ ಇಡೀ ಪಟ್ಟಿಯನ್ನು ಒಂದೇ ಸಲಕ್ಕೆ ಕೇಳಿ, ಮತ್ತೆ ಸಾಧ್ಯವಾದಲ್ಲೆಲ್ಲ ಹೌದು-ಅಲ್ಲ ಎನ್ನುವಂತೆ ಕೇಳಿ. "ಯಾವಾಗ ಸರ್?" ಎಂದರೆ ಮತ್ತೆ "ನಾಳಿದ್ದು" ಎಂಬ ಉತ್ತರವೇ ಬರುತ್ತದೆ. ಹೀಗೆ ಬರೆಯಿರಿ: "ಸರ್, ಎ ಮತ್ತು ಬಿ ಬ್ಲಾಕ್ 13 ಜೂನ್ ಶನಿವಾರ, ಸಿ ಬ್ಲಾಕ್ 15 ಜೂನ್ ಸೋಮವಾರ, ಸರಿಯೇ? ಸಂಜೆ ಎಂದರೆ 5 ಗಂಟೆ ಎಂದು ಹಾಕಲೇ? ಗಾಡಿ ತೆಗೆಯಬೇಕಾದ ಜಾಗಗಳ ಸಂಖ್ಯೆ ಯಾವುವು, ಎಷ್ಟು ಗಂಟೆಯೊಳಗೆ, ಎರಡೂ ದಿನವೇ? ನೀರು ಎಷ್ಟು ಹೊತ್ತು ಹರಿಯಬಿಡಬೇಕು, ಯಾವಾಗಿನಿಂದ ಕುಡಿಯಬಹುದು ಎಂದು ಕ್ಲೀನಿಂಗ್‌ನವರನ್ನು ಕೇಳಿ ಹೇಳುತ್ತೀರಾ?" ಕೊನೆಯ ಪ್ರಶ್ನೆಗೆ ನಿಮಗೆ ತೋಚಿದ ಅಂಕಿ ಬರೆಯುವ ಹಾಗೇ ಇಲ್ಲ. ಟ್ಯಾಂಕಿಗೆ ಯಾವ ಔಷಧಿ ಎಷ್ಟು ಹಾಕುತ್ತಾರೆ ಅನ್ನುವುದರ ಮೇಲೆ ಅದು ನಿಂತಿದೆ, ಗೊತ್ತಿರುವವರೇ ಹೇಳಬೇಕು.

ಉತ್ತರಗಳು ಹೀಗೆ ಬಂದವು ಎಂದಿಟ್ಟುಕೊಳ್ಳೋಣ: ದಿನಗಳು ಸರಿ, ಸಂಜೆ 5, ನಿಲುಗಡೆ ಜಾಗ 1ರಿಂದ 8, ಎರಡೂ ದಿನ ಬೆಳಗ್ಗೆ 8ರೊಳಗೆ ಖಾಲಿ ಆಗಬೇಕು, ನೀರು ಹತ್ತು ನಿಮಿಷ ಹರಿಯಬಿಡಿ, ಕುಡಿಯುವುದು ಮಾರನೇ ಬೆಳಗ್ಗೆ 7ರ ನಂತರ. ಈ ಕೊನೆಯ ಉತ್ತರ ಬಂದ ಕೂಡಲೇ ಹಿಂದಕ್ಕೆ ಹೋಗಿ ಮೊದಲ ಕೆಲಸವನ್ನು ನೋಡಿ. ಸಂದೇಶದಲ್ಲಿ ನೀರು ತುಂಬಿಸಿಡಿ ಎಂದಷ್ಟೇ ಇತ್ತು, ಓದಿದವರು ಸಂಜೆ 5ರವರೆಗೆ ಸಾಲುವಷ್ಟು ಹಿಡಿದಿಟ್ಟುಕೊಳ್ಳುತ್ತಿದ್ದರು. ಆದರೆ ಕುಡಿಯುವ ನೀರು ಮಾರನೇ ಬೆಳಗಿನವರೆಗೂ ಬೇಕು! ಒಂದು ಉತ್ತರ ಇನ್ನೊಂದು ಸೂಚನೆಯನ್ನು ಬದಲಿಸುವುದು ಹೀಗೆ. ಅದಕ್ಕೇ ಉತ್ತರ ಬಂದಷ್ಟು ಬಂದಷ್ಟೇ ತುಂಬಿಸದೆ, ಎಲ್ಲ ಬಂದ ಮೇಲೆ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಬೇಕು.

ಗಡುವು ಬರೆಯುವ ಬಗೆಯ ಬಗ್ಗೆ ಎರಡು ಮಾತು. "12ರೊಳಗೆ" ಎಂದರೆ 12 ಸೇರುತ್ತದೋ ಇಲ್ಲವೋ ಎಂದು ಜಗಳವಾಗುತ್ತದೆ, "12 ಜೂನ್, ಶುಕ್ರವಾರ ರಾತ್ರಿಯೇ" ಎಂದರೆ ಆಗುವುದಿಲ್ಲ. "ರಾತ್ರಿ 12 ಗಂಟೆ" ಎಂದು ಎಲ್ಲೂ ಬರೆಯಬೇಡಿ, ಅದು ಯಾವ ದಿನದ ರಾತ್ರಿ ಎಂದು ಇಬ್ಬರು ಎರಡು ಥರ ಓದುತ್ತಾರೆ. ದಿನಾಂಕದ ಪಕ್ಕದಲ್ಲಿ ವಾರ ಯಾವಾಗಲೂ ಇರಲಿ. ಒಂದು ತಪ್ಪಾದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯುವ ಬದಲು ಹೆಸರಿನಲ್ಲಿ ಬರೆದರೆ ಗೋಡೆಯ ಮೇಲೆ ಓದಲು ಸುಲಭ.

ವಿಷಯದ ಸಾಲಿಗೆ ಬರೋಣ. ನಿಮ್ಮದು "ಟ್ಯಾಂಕ್ ಸ್ವಚ್ಛತೆ ಕುರಿತು" ಎಂದಿತ್ತು. ಟ್ಯಾಂಕ್ ತೊಳೆಯುವುದು ಸಂಘದ ಕೆಲಸ. ಮನೆಯವರ ಮಟ್ಟಿಗೆ ಸುದ್ದಿ ಎಂದರೆ ನೀರು ಇರುವುದಿಲ್ಲ ಅನ್ನುವುದು. ಲಿಫ್ಟಿಗೆ ಕಾಯುತ್ತಾ ಕಣ್ಣು ಹಾಯಿಸುವವರು ಓದುವುದು ಆ ಒಂದು ಸಾಲನ್ನು ಮಾತ್ರ, ಅದರಲ್ಲಿ ಅವರಿಗೆ ತಟ್ಟುವ ಸಂಗತಿ ಮತ್ತು ದಿನ ಎರಡೂ ಇರಬೇಕು: "ಜೂನ್ 13 ಮತ್ತು 15ರಂದು ಹಗಲು ನೀರು ಇರುವುದಿಲ್ಲ (ಟ್ಯಾಂಕ್ ಸ್ವಚ್ಛತೆ)". "ಪ್ರಮುಖ ಸೂಚನೆ", "ತುರ್ತು ಗಮನಕ್ಕೆ" ಇವು ವಿಷಯವೇ ಅಲ್ಲ. ಬೋರ್ಡಿನಲ್ಲಿರುವ ಎಲ್ಲ ಹಾಳೆಗಳೂ ಪ್ರಮುಖ ಸೂಚನೆಗಳೇ.

ಭಾಷೆ ಹೇಗಿರಲಿ ಅನ್ನುವ ಪ್ರಶ್ನೆ ನೀವು ಕೇಳಿಲ್ಲ, ಆದರೂ ಕರಡಿನಲ್ಲಿ "ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ" ಎಂದು ಕಂಡದ್ದರಿಂದ ಹೇಳುತ್ತೇನೆ. ಸುತ್ತೋಲೆ ಎಂದ ಕೂಡಲೇ ನಮ್ಮ ಪೆನ್ನಿಗೆ ಕಚೇರಿಯ ಧಾಟಿ ಹತ್ತಿಬಿಡುತ್ತದೆ. "ನೀರನ್ನು ಸಂಗ್ರಹಿಸಿಟ್ಟುಕೊಳ್ಳತಕ್ಕದ್ದು", "ವಾಹನಗಳನ್ನು ತೆರವುಗೊಳಿಸಲು ಸೂಚಿಸಲಾಗಿದೆ". ಯಾರು ಸೂಚಿಸಿದರು, ಯಾರಿಗೆ, ಅನ್ನುವುದು ಇದರಲ್ಲಿ ಮರೆಯಾಗುತ್ತದೆ, ಜೊತೆಗೆ ಉದ್ದವೂ ಹೌದು. "ತುಂಬಿಸಿಟ್ಟುಕೊಳ್ಳಿ", "ತೆಗೆಯಿರಿ" ಎಂದರೆ ಸಾಕಷ್ಟು ಮರ್ಯಾದೆಯೇ ಇದೆ. ಇದರ ಜೊತೆಗೇ ಇನ್ನೊಂದು: ಅಧ್ಯಕ್ಷರ ಮಾತಿಗಿದ್ದ ಬಿಗಿಯನ್ನು ನೀವು ಹೆಚ್ಚಿಸಲೂಬಾರದು, ಇಳಿಸಲೂಬಾರದು. ಅವರು ಕೇಳಿಕೊಂಡದ್ದನ್ನು "ಕಡ್ಡಾಯ" ಮಾಡುವುದು, "ತಪ್ಪಿದಲ್ಲಿ ದಂಡ ವಿಧಿಸಲಾಗುವುದು" ಎಂದು ತೂಕಕ್ಕಾಗಿ ಸೇರಿಸುವುದು ಬೇಡ. ಸಹಿ ಹಾಕಿದ ಹಾಳೆಯಲ್ಲಿ ಅದು ಸಂಘದ ತೀರ್ಮಾನವಾಗಿಬಿಡುತ್ತದೆ.

ಇಷ್ಟಾದ ಮೇಲೆ ಹಾಳೆ ಹೀಗಿರುತ್ತದೆ:

ನಿವಾಸಿಗಳ ಸಂಘ
ಸುತ್ತೋಲೆ ಸಂಖ್ಯೆ: 4
ದಿನಾಂಕ: 11 ಜೂನ್ 2026, ಗುರುವಾರ

ಇವರಿಗೆ: ಎ, ಬಿ ಮತ್ತು ಸಿ ಬ್ಲಾಕಿನ ಎಲ್ಲ ಮನೆಯವರು, ನಿಲುಗಡೆ ಜಾಗ 1ರಿಂದ 8ರಲ್ಲಿ ವಾಹನ ನಿಲ್ಲಿಸುವವರು (ಯಾವ ಬ್ಲಾಕಿನವರಾದರೂ)
ಮಾಹಿತಿಗೆ: ಡಿ ಬ್ಲಾಕ್ (ನೀರು ಎಂದಿನಂತೆ ಬರುತ್ತದೆ)

ವಿಷಯ: ಜೂನ್ 13 ಮತ್ತು 15ರಂದು ಹಗಲು ನೀರು ಇರುವುದಿಲ್ಲ (ಟ್ಯಾಂಕ್ ಸ್ವಚ್ಛತೆ)

ನೀರು ಇಲ್ಲದ ಸಮಯ:
ಎ ಮತ್ತು ಬಿ ಬ್ಲಾಕ್: 13 ಜೂನ್, ಶನಿವಾರ, ಬೆಳಗ್ಗೆ 9ರಿಂದ ಸಂಜೆ 5
ಸಿ ಬ್ಲಾಕ್: 15 ಜೂನ್, ಸೋಮವಾರ, ಬೆಳಗ್ಗೆ 9ರಿಂದ ಸಂಜೆ 5

ಮಾಡಬೇಕಾದ್ದು:
1. ಹಿಂದಿನ ರಾತ್ರಿಯೇ ನೀರು ತುಂಬಿಸಿಟ್ಟುಕೊಳ್ಳಿ (ಎ, ಬಿ: ಶುಕ್ರವಾರ ರಾತ್ರಿ, ಸಿ: ಭಾನುವಾರ ರಾತ್ರಿ). ಕುಡಿಯುವ ನೀರು ಸ್ವಚ್ಛತೆಯ ಮಾರನೇ ಬೆಳಗ್ಗೆ 7ರವರೆಗೆ ಸಾಲುವಷ್ಟಿರಲಿ.
2. ಆ ದಿನ ಮನೆಯಿಂದ ಹೊರಡುವ ಮುನ್ನ ಎಲ್ಲ ನಲ್ಲಿಗಳೂ ಮುಚ್ಚಿವೆಯೇ ನೋಡಿ.
3. ನೀರು ಮತ್ತೆ ಬಂದಾಗ ಹತ್ತು ನಿಮಿಷ ಹರಿಯಬಿಡಿ. ಮಾರನೇ ಬೆಳಗ್ಗೆ 7ರವರೆಗೆ ಆ ನೀರನ್ನು ಕುಡಿಯಬೇಡಿ.
4. ನಿಲುಗಡೆ ಜಾಗ 1ರಿಂದ 8: ಶನಿವಾರ ಮತ್ತು ಸೋಮವಾರ, ಎರಡೂ ದಿನ ಬೆಳಗ್ಗೆ 8ರೊಳಗೆ ವಾಹನ ತೆಗೆಯಿರಿ. ಸಂಜೆ 5ರ ನಂತರ ಮತ್ತೆ ನಿಲ್ಲಿಸಬಹುದು.

ವಿಚಾರಣೆಗೆ: ಮ್ಯಾನೇಜರ್ ಕಚೇರಿ
ಗ್ರೂಪಿನಲ್ಲಿ ಸಿ ಬ್ಲಾಕಿಗೆ ಮೊದಲು ತಿಳಿಸಿದ್ದ ಭಾನುವಾರದ ದಿನ ರದ್ದಾಗಿದೆ.

(ಸಹಿ)
ಕಾರ್ಯದರ್ಶಿ

ಸಹಿಯ ಮೇಲಿನ ಭಾನುವಾರದ ಸಾಲು ಬೇಕೇ ಎಂದು ನಿಮಗನ್ನಿಸಬಹುದು. ಸಿ ಬ್ಲಾಕಿನವರು ಗ್ರೂಪಿನಲ್ಲಿ "ಮಾರನೇ ದಿನ" ಎಂದು ಓದಿದ್ದಾರೆ. ಬೋರ್ಡಿನಲ್ಲಿ ಸೋಮವಾರ ಕಂಡರೆ ಯಾವುದು ಸರಿ ಎಂದು ಗೊಂದಲಪಡುತ್ತಾರೆ. ಹಳೆಯ ಮಾತು ಬಿದ್ದುಹೋಯಿತು ಎಂದು ಹೇಳದೆ ಹೊಸದನ್ನು ಮಾತ್ರ ಹೇಳಿದರೆ ಎರಡೂ ಜೀವಂತ ಉಳಿಯುತ್ತವೆ. "ವಿಚಾರಣೆಗೆ" ಅಲ್ಲಿ ಅಧ್ಯಕ್ಷರನ್ನು ಬಿಟ್ಟು ಕಚೇರಿಯನ್ನಷ್ಟೇ ಹಾಕಿದ್ದೇನೆ. "ನನಗೋ ಮ್ಯಾನೇಜರಿಗೋ" ಎಂದರೆ ಇಬ್ಬರೂ ಬೇರೆ ಬೇರೆ ಉತ್ತರ ಕೊಡುವ ದಾರಿ ತೆರೆದಂತೆ. ಇದಕ್ಕೆ ಅಧ್ಯಕ್ಷರ ಒಪ್ಪಿಗೆ ಮಾತ್ರ ಪಡೆದುಕೊಳ್ಳಿ.

ಹಾಕುವ ಮುನ್ನ ಗ್ರೂಪಿನಲ್ಲಿ ಇಲ್ಲದ ಯಾರಿಗಾದರೂ ಹಾಳೆ ಕೊಟ್ಟು ಓದಿಸಿ. "ಅರ್ಥ ಆಯ್ತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ನೀವು ಸಿ ಬ್ಲಾಕಿನಲ್ಲಿದ್ದೀರಿ, ನಿಮ್ಮ ಗಾಡಿ 5ನೇ ಜಾಗದಲ್ಲಿದೆ ಅಂದುಕೊಳ್ಳಿ, ಯಾವತ್ತು ಏನೇನು ಮಾಡುತ್ತೀರಿ?" ಎಂದು ಕೇಳಿ. ಗಾಡಿಯನ್ನು ಸೋಮವಾರ ಮಾತ್ರ ತೆಗೆಯುತ್ತೇನೆ ಎಂದರೆ ನಾಲ್ಕನೇ ಸೂಚನೆ ಸಾಕಷ್ಟು ಸ್ಪಷ್ಟವಿಲ್ಲ ಎಂದರ್ಥ. "ಎರಡೂ ದಿನ" ಅನ್ನುವುದನ್ನು ದಪ್ಪಕ್ಷರ ಮಾಡಿ.

ಗ್ರೂಪಿಗೂ ಇದನ್ನೇ ಹಾಕಿ, ಆದರೆ ಚಿತ್ರವಾಗಿ ಅಲ್ಲ, ಪಠ್ಯವಾಗಿ. ಚಿತ್ರವಾದರೆ ಗ್ರೂಪಿನಲ್ಲಿ ಪದ ಹುಡುಕಿದಾಗ ಸಿಗುವುದಿಲ್ಲ, ಪರದೆ ಓದುವ ತಂತ್ರಾಂಶ ಬಳಸುವವರಿಗೂ ಕಷ್ಟ. ಮಧ್ಯೆ ಮತ್ತೆ ದಿನ ಬದಲಾದರೆ ಬೋರ್ಡಿನ ಹಾಳೆಯ ಮೇಲೆ ಪೆನ್ನಿನಲ್ಲಿ ತಿದ್ದಬೇಡಿ. ಸುತ್ತೋಲೆ ಸಂಖ್ಯೆ 5 ಹೊರಡಿಸಿ, ವಿಷಯದಲ್ಲಿ "ಸುತ್ತೋಲೆ 4ಕ್ಕೆ ತಿದ್ದುಪಡಿ" ಎಂದು ಬರೆದು, ಬದಲಾದ ದಿನವನ್ನು ಹೇಳಿ, ಉಳಿದ ಸೂಚನೆಗಳು ಹಾಗೇ ಇವೆ ಎಂದು ತಿಳಿಸಿ, ಎರಡನ್ನೂ ಅಕ್ಕಪಕ್ಕ ಇಡಿ. ಸಂಖ್ಯೆ ಹಾಕಿದ್ದು ಇದಕ್ಕೇ.

ಇನ್ನು ಆ ನಿರ್ವಹಣಾ ಶುಲ್ಕ. ಒಂದೇ ಸಂದೇಶದಲ್ಲಿ ಬಂದಿದೆ ಎಂದು ಒಂದೇ ಹಾಳೆಯಲ್ಲಿ ಇರಬೇಕಿಲ್ಲ. ನಾನು ನೋಡುವ ಅಳತೆ ಇದು: ಎರಡು ಸಂಗತಿಗಳ ಹಾಳೆಯನ್ನು ಒಂದೇ ದಿನ ಬೋರ್ಡಿನಿಂದ ತೆಗೆಯಬಹುದಾದರೆ ಒಟ್ಟಿಗಿರಲಿ, ಇಲ್ಲದಿದ್ದರೆ ಬೇರೆ ಮಾಡಿ. ನೀರಿನ ಸುತ್ತೋಲೆ 16ರ ಬೆಳಗ್ಗೆ ಕೆಳಗಿಳಿಯಬೇಕು, ಶುಲ್ಕದ ಮಾತು ಆಮೇಲೂ ಉಳಿಯುತ್ತದೆ. ಅದರ ಓದುಗರೂ ಬೇರೆ, ಬಾಕಿ ಇರುವವರು ಮಾತ್ರ. ಅದೂ ಅಲ್ಲದೆ ಅದಿನ್ನೂ ಸುತ್ತೋಲೆಯಾಗುವ ಸ್ಥಿತಿಯಲ್ಲೇ ಇಲ್ಲ. "ಆದಷ್ಟು ಬೇಗ" ಎಂದಿದೆ, ಗಡುವಿಲ್ಲ. ಯಾವ ತಿಂಗಳವರೆಗಿನ ಬಾಕಿ ಎಂದಿಲ್ಲ. ಎಲ್ಲಿ ಹೇಗೆ ಕಟ್ಟಬೇಕು ಎಂದಿಲ್ಲ. ಈ ಮೂರನ್ನು ಅಧ್ಯಕ್ಷರಿಂದ ಕೇಳಿ ಪಡೆಯಿರಿ, ಅಲ್ಲಿಯವರೆಗೆ ಆ ಒಂದು ವಾಕ್ಯ ಗ್ರೂಪಿನಲ್ಲೇ ಇರಲಿ. ಉತ್ತರ ಬಂದಾಗಲೂ ಬಾಕಿದಾರರ ಹೆಸರಾಗಲಿ ಮನೆ ಸಂಖ್ಯೆಯಾಗಲಿ ಬೋರ್ಡಿಗೆ ಹೋಗದಂತೆ ನೋಡಿಕೊಳ್ಳಿ. ಅದನ್ನು ಆಯಾ ಮನೆಗೆ ಪ್ರತ್ಯೇಕ ಚೀಟಿಯಲ್ಲಿ ತಿಳಿಸಿ.